ಒಂದೇ ಫೋಟೋ, ಮೂರು ಡಿಟರ್ಮಿನೆಂಟ್

ಆಗಸ್ಟ್ ತಿಂಗಳ ಒಂದು ರಾತ್ರಿ. ಹೊಸನಗರದ ಕಡೆಯ ಹಳ್ಳಿಯಿಂದ ಒಬ್ಬಳು ಹುಡುಗಿ ನನಗೆ ಫೋಟೋ ಕಳಿಸಿದಳು. ಸೆಕೆಂಡ್ ಪಿಯುಸಿ ಓದುತ್ತಾಳೆ, ಸಿಇಟಿಗೆ ತಯಾರಿ ನಡೆಸುತ್ತಿದ್ದಾಳೆ. ಶನಿವಾರ ಶಿವಮೊಗ್ಗಕ್ಕೆ ಬಂದಾಗ ನನ್ನ ಹತ್ತಿರ ಗಣಿತ ಹೇಳಿಸಿಕೊಂಡು ಹೋಗುತ್ತಾಳೆ. ಉಳಿದ ದಿನ ಫೋನಿನಲ್ಲೇ ಪಾಠ. ಅವತ್ತು ಮಳೆ ಜೋರಾಗಿತ್ತು, ಊರಲ್ಲಿ ಕರೆಂಟ್ ಇರಲಿಲ್ಲ. ಅಮ್ಮನ ಮೊಬೈಲಿನ ಟಾರ್ಚ್ ಹಿಡಿದು, ತನ್ನ ಮೊಬೈಲಿನಲ್ಲಿ ಫೋಟೋ ತೆಗೆದಿದ್ದಳು. ಜೊತೆಗೆ ಒಂದು ಸಾಲು ಬರೆದಿದ್ದಳು: "ಸರ್, ನನಗೆ ನಾಲ್ಕನೇ ಆಯ್ಕೆ ಬರ್ತಿದೆ. ಕೀ ಆನ್ಸರ್‌ನಲ್ಲಿ ಮೊದಲನೇದು ಅಂತಿದೆ. ಕೀ ತಪ್ಪಲ್ವಾ?"

ಪ್ರಶ್ನೆ ಇದ್ದದ್ದು ಜೆರಾಕ್ಸ್ ನೋಟ್ಸಿನಲ್ಲಿ. ಅದು ಜೆರಾಕ್ಸಿನ ಜೆರಾಕ್ಸ್. ದಪ್ಪ ಬೈಂಡಿಂಗ್ ಇದ್ದದ್ದರಿಂದ ಪುಟದ ಎಡಗಡೆ ಒಳಕ್ಕೆ ಬಾಗಿತ್ತು. ಬಾಗಿದ ಕಡೆ ಟಾರ್ಚಿನ ನೆರಳು ಬಿದ್ದು ಪುಟ ಕಪ್ಪಾಗಿತ್ತು. ಡಿಟರ್ಮಿನೆಂಟಿನ ಎಡಗಡೆಯ ಕಂಬಿ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ನನ್ನ ಕಣ್ಣಿಗೆ ಕಂಡದ್ದು ಹೆಚ್ಚುಕಡಿಮೆ ಹೀಗೆ:

```
   1
        a²     bc   |
   a
   1
        b²     ca   |
   b
   1
        c²     ab   |
   c
```

ಕೊಟ್ಟಿದ್ದ ಆಯ್ಕೆಗಳು ನಾಲ್ಕು: `0`, `abc`, `(a−b)(b−c)(c−a)`, ಮತ್ತು `(a−b)(b−c)(c−a)(a+b+c)`.

ಅವಳ ಲೆಕ್ಕ ನೋಡದೆ ಏನೂ ಹೇಳುವುದು ಬೇಡ ಅನ್ನಿಸಿತು. "ಮಾಡಿದ್ದನ್ನು ಕಳಿಸು" ಅಂದೆ. ಕಳಿಸಿದಳು. ಅವಳು ಬರೆದುಕೊಂಡಿದ್ದ ಪ್ರಶ್ನೆ ಇದು:

```
| 1   a²   bc |
| 1   b²   ca |
| 1   c²   ab |
```

ಮೊದಲ ಸಾಲಿನಿಂದ ಎರಡನೆಯದನ್ನು ಕಳೆದಿದ್ದಳು. ಬಂದದ್ದು `0, a²−b², bc−ca`. ಅದರಿಂದ `(a−b)` ಹೊರಗೆ ತೆಗೆದರೆ ಉಳಿಯುವುದು `0, a+b, −c`. ಎರಡನೇ ಸಾಲಿನಿಂದ ಮೂರನೆಯದನ್ನು ಕಳೆದು `(b−c)` ತೆಗೆದಿದ್ದಳು. ಅಲ್ಲಿ ಉಳಿದದ್ದು `0, b+c, −a`. ಆಮೇಲೆ ಮೊದಲ ಕಾಲಮ್ ಹಿಡಿದು ಬಿಡಿಸಿದರೆ `−a(a+b) + c(b+c)`. ಅದನ್ನು ಜೋಡಿಸಿದರೆ `(c−a)(a+b+c)`. ಒಂದು ಚಿಹ್ನೆಯೂ ತಪ್ಪಿರಲಿಲ್ಲ. ಎರಡು ತಿಂಗಳ ಹಿಂದೆ `bc−ca`ಯಲ್ಲಿ ಮೈನಸ್ ಮರೆಯುತ್ತಿದ್ದ ಹುಡುಗಿ ಇಷ್ಟು ಚೊಕ್ಕವಾಗಿ ಮಾಡಿದ್ದು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಆದರೆ ಅದು ಪುಟದಲ್ಲಿದ್ದ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

ಕೆಳಗಿದ್ದ a, b, c ಎಲ್ಲಿ ಹೋದವು ಅಂತ ಕೇಳಿದೆ. "ಅದು ಸಬ್ ಕ್ವೆಶ್ಚನ್ ನಂಬರ್ ಅಂದ್ಕೊಂಡೆ ಸರ್" ಅಂದಳು. ಅವಳದೇನೂ ದಡ್ಡತನವಲ್ಲ. ಆ ನೋಟ್ಸಿನಲ್ಲಿ ಉಪಪ್ರಶ್ನೆಗಳಿಗೆ ಎಡ ಅಂಚಿನಲ್ಲಿ a, b, c ಅಂತಲೇ ಗುರುತು ಹಾಕಿರುತ್ತಾರೆ. ಇಲ್ಲಿಯೂ ಎಡ ಅಂಚಿನಲ್ಲೇ, ಒಂದರ ಕೆಳಗೊಂದು, ಸ್ವಲ್ಪ ಚಿಕ್ಕದಾಗಿ a, b, c ಇವೆ. ಡಿಟರ್ಮಿನೆಂಟಿನ ಎಡ ಕಂಬಿ ಕಂಡಿದ್ದರೆ ಈ ಅಕ್ಷರಗಳು ಅದರ ಒಳಗಿವೆ ಅಂತ ಗೊತ್ತಾಗುತ್ತಿತ್ತು. ಕಂಬಿ ನೆರಳಲ್ಲಿ ಮುಚ್ಚಿಹೋದದ್ದರಿಂದ ಯಾವುದು ಒಳಗೆ, ಯಾವುದು ಹೊರಗೆ ಅನ್ನುವ ಗಡಿಯೇ ಇರಲಿಲ್ಲ.

ಅಷ್ಟರಲ್ಲಿ ಅವಳ ಅಣ್ಣ ಫೋನ್ ತಗೊಂಡ. ಅವನು ಸಾಗರದಲ್ಲಿ ಬಿಎಸ್ಸಿ ಓದುತ್ತಾನೆ, ರಜೆಗೆ ಬಂದಿದ್ದ. "ಸರ್, ಇವಳು ಓದಿದ್ದು ತಪ್ಪು. ಪ್ರಶ್ನೆಯೂ ತಪ್ಪು. ಆಯ್ಕೆಗಳಲ್ಲಿ ಉತ್ತರವೇ ಇಲ್ಲ" ಅಂದ. ಅವನು ಓದಿದ್ದು ಹೀಗೆ:

```
| a   a²   bc |
| b   b²   ca |
| c   c²   ab |
```

ಅವನ ಪ್ರಕಾರ ಮೇಲಿನ ಮೂರು ಒಂದುಗಳು ಒಂದುಗಳೇ ಅಲ್ಲ, ಎಡ ಕಂಬಿಯ ಚೂರುಗಳು. ಅದಕ್ಕೂ ಕಾರಣವಿತ್ತು. ಉದ್ದ ಕಂಬಿಯನ್ನು ಟೈಪ್ ಮಾಡುವಾಗ ಕೆಲವು ಸಲ ಚಿಕ್ಕ ಚಿಕ್ಕ ತುಂಡು ಜೋಡಿಸಿಯೇ ಕಟ್ಟಿರುತ್ತಾರೆ. ಜೆರಾಕ್ಸ್ ಮೇಲೆ ಜೆರಾಕ್ಸ್ ಆದಾಗ ನಡುವೆ ಬಿಟ್ಟುಹೋಗಿ ತುಂಡು ಗೆರೆಗಳು ಮಾತ್ರ ಉಳಿಯುತ್ತವೆ. ಒಂದರ ಕೆಳಗೊಂದು ನಿಂತ ಮೂರು ತುಂಡು ಗೆರೆ ಅಂದರೆ ಮುರಿದ ಕಂಬಿ ಅಂತ ಅವನು ತಿಳಿದ. ಆ ಪುಟದಲ್ಲಿ ಬೇರೆ ಕಡೆ ನಿಜಕ್ಕೂ ಹಾಗೆ ಮುರಿದ ಕಂಬಿಗಳಿದ್ದವು. ಅವನಿಗೆ ಬಂದ ಉತ್ತರ `(a−b)(b−c)(c−a)(ab+bc+ca)`. ಅವನ ಲೆಕ್ಕವೂ ಸರಿ.

ನನ್ನ ಕಣ್ಣಿಗೆ ಕಂಡದ್ದು ಮೂರನೇ ಓದು. ಮೊದಲ ಕಾಲಮ್ ಅಂದರೆ ಒನ್ ಬೈ ಎ, ಒನ್ ಬೈ ಬಿ, ಒನ್ ಬೈ ಸಿ. ಭಿನ್ನರಾಶಿಯ ನಡುವಿನ ಗೆರೆ ಅಳಿಸಿಹೋಗಿದೆ, ಅಷ್ಟೆ.

```
| 1/a   a²   bc |
| 1/b   b²   ca |
| 1/c   c²   ab |
```

ಇದನ್ನು ಬಿಡಿಸುವುದು ಸುಲಭ. ಮೊದಲ ಸಾಲನ್ನು a ಯಿಂದ, ಎರಡನೆಯದನ್ನು b ಯಿಂದ, ಮೂರನೆಯದನ್ನು c ಯಿಂದ ಗುಣಿಸಿ, ಇಡೀ ಡಿಟರ್ಮಿನೆಂಟನ್ನು `abc` ಇಂದ ಭಾಗಿಸಬೇಕು. ಆಗ ಮೊದಲ ಕಾಲಮ್ `1, 1, 1` ಆಗುತ್ತದೆ, ಮೂರನೆಯದು `abc, abc, abc`. ಮೂರನೇ ಕಾಲಮ್ಮಿನಿಂದ `abc` ಹೊರಗೆ ತೆಗೆದರೆ ಅಲ್ಲೂ ಮೂರು ಒಂದುಗಳು. ಎರಡು ಕಾಲಮ್ ಒಂದೇ ಥರ ಆದವು, ಹಾಗಾಗಿ ಬೆಲೆ ಸೊನ್ನೆ. ಮೊದಲ ಆಯ್ಕೆ. ಕೀ ಹೇಳುತ್ತಿದ್ದದ್ದೂ ಅದನ್ನೇ.

ಈ ಪ್ರಕರಣ ನನಗೆ ಮುಖ್ಯ ಅನ್ನಿಸಿದ್ದು ಇಲ್ಲಿ. ಒಂದೇ ಫೋಟೋವನ್ನು ಮೂರು ಜನ ಮೂರು ಥರ ಓದಿದೆವು. ಮೂರಕ್ಕೂ ಅಂದವಾದ ಉತ್ತರ ಬಂತು. ಸಾಮಾನ್ಯವಾಗಿ ತಪ್ಪು ಓದಿದರೆ ಲೆಕ್ಕ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಅಪವರ್ತನ ಆಗುವುದಿಲ್ಲ, ವಿಚಿತ್ರ ಭಿನ್ನರಾಶಿ ಬರುತ್ತದೆ, ಆಗ ನಾವೇ ನಿಂತು ಪ್ರಶ್ನೆಯನ್ನು ಮತ್ತೆ ನೋಡುತ್ತೇವೆ. ಇಲ್ಲಿ ಹಾಗಾಗಲಿಲ್ಲ. a, b, c ಸುತ್ತ ತಿರುಗುವ ಇಂಥ ಡಿಟರ್ಮಿನೆಂಟ್‌ಗಳಲ್ಲಿ ಒಂದು ಕಾಲಮ್ ಇಡಿಯಾಗಿ ಬದಲಾದರೂ ಮಾದರಿ ಕೆಡುವುದಿಲ್ಲ. ಒಂದು ಕಡೆ ಮಾತ್ರ ತಪ್ಪು ಓದಿದ್ದರೆ ಕೆಡುತ್ತಿತ್ತು. ಮೂರೂ ಸಾಲಿನಲ್ಲಿ ಒಂದೇ ಥರ ತಪ್ಪಾದದ್ದರಿಂದ ಉಳಿದುಕೊಂಡಿತು.

ಹುಡುಗಿಗೆ ಬೆಲೆ ಹಾಕಿ ನೋಡುವ ಅಭ್ಯಾಸವಿದೆ. `a=1, b=2, c=3` ಹಾಕು ಅಂದೆ. ಅವಳ ಓದಿಗೆ 12 ಬಂತು, ಅಣ್ಣನ ಓದಿಗೆ 22, ನನ್ನದಕ್ಕೆ 0. ಅವಳ ಸೂತ್ರದಲ್ಲಿ ಹಾಕಿದರೂ 12, ಅಣ್ಣನ ಸೂತ್ರದಲ್ಲಿ ಹಾಕಿದರೂ 22. ಅಂದರೆ ಬೆಲೆ ಹಾಕಿ ನೋಡುವುದರಿಂದ ಲೆಕ್ಕ ಸರಿಯಿದೆಯೇ ಅಂತ ಗೊತ್ತಾಗುತ್ತದೆ. ಪುಟದಲ್ಲಿದ್ದದ್ದು ಯಾವ ಪ್ರಶ್ನೆ ಅಂತ ಗೊತ್ತಾಗುವುದಿಲ್ಲ.

"ಹಾಗಾದ್ರೆ ನಿಮ್ಮದೇ ಸರಿ ಅಂತ ಹೇಗೆ ಸರ್?" ಅಂತ ಹುಡುಗಿ ಕೇಳಿದಳು. ನ್ಯಾಯವಾದ ಪ್ರಶ್ನೆ. ನಾನು ಒನ್ ಬೈ ಎ ಅಂತ ಓದಿದ್ದಕ್ಕೆ ಮುಖ್ಯ ಕಾರಣ ಆ ಲೆಕ್ಕವನ್ನು ಎಷ್ಟೋ ಸಲ ಪಾಠ ಮಾಡಿರುವುದು. ಅದು ನೆನಪು, ಓದಿದ್ದಲ್ಲ. ನೆನಪನ್ನು ನಂಬಿ ಓದಿದರೆ, ಪ್ರಶ್ನೆ ಮಾಡಿದವರು ಬೇಕಂತಲೇ ಒಂದಕ್ಷರ ಬದಲಿಸಿದ್ದಾಗ ನಾನೂ ಬೀಳುತ್ತೇನೆ. ಕೀ ನನ್ನ ಕಡೆ ಇತ್ತು, ನಿಜ. ಆದರೆ ಕೀ ತಪ್ಪಿರುವುದೂ ಉಂಟು, ಪರೀಕ್ಷೆಯ ಹಾಲಿನಲ್ಲಿ ಕೀ ಇರುವುದೂ ಇಲ್ಲ. ಹಾಗಾಗಿ ಫೋಟೋದಿಂದಲೇ ಸಾಬೀತು ಮಾಡೋಣ ಅಂದೆ.

ಮೊದಲು ನೋಡಿದ್ದು ಸಾಲುಗಳ ನಡುವಿನ ಅಂತರ. ಅದೇ ಫೋಟೋದಲ್ಲಿ, ಈ ಪ್ರಶ್ನೆಯ ನೇರ ಮೇಲೆ, ಬರೀ ಅಂಕಿಗಳಿರುವ ಇನ್ನೊಂದು ಡಿಟರ್ಮಿನೆಂಟ್ ಇತ್ತು. ನಮ್ಮ ಪ್ರಶ್ನೆಯ ಎರಡನೇ ಕಾಲಮ್ಮಿನಲ್ಲಿ `a²` ಇಂದ `b²` ವರೆಗೆ ಎಷ್ಟು ದೂರ, ಮೇಲಿನದರಲ್ಲಿ ಒಂದು ಅಂಕಿಯಿಂದ ಕೆಳಗಿನ ಅಂಕಿಗೆ ಎಷ್ಟು ದೂರ ಅಂತ ಅಳೆಯಲು ಹೇಳಿದೆ. ಮೊಬೈಲಿನ ಪರದೆ ಮೇಲೆ, ಝೂಮ್ ಬದಲಿಸದೆ, ಸ್ಕೇಲ್ ಇಟ್ಟು. ಮೇಲಿನದು 6 ಮಿಲಿಮೀಟರ್ ಬಂತು. ನಮ್ಮದು ಸುಮಾರು 11. ಹೆಚ್ಚುಕಡಿಮೆ ಎರಡರಷ್ಟು.

ಟೈಪ್ ಮಾಡುವ ಸಾಫ್ಟ್‌ವೇರ್ ಸುಮ್ನೆ ಜಾಗ ಬಿಡುವುದಿಲ್ಲ. ಒಂದು ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರದ್ದು ಯಾವುದೋ ಅದಕ್ಕೆ ತಕ್ಕಂತೆ ಆ ಸಾಲಿಗೆ ಎತ್ತರ ಕೊಡುತ್ತದೆ. `a²` ಮತ್ತು `bc` ಎರಡೂ ಗಿಡ್ಡ. ಹುಡುಗಿ ಓದಿದಂತೆ ಮೊದಲನೆಯದು ಬರೀ 1 ಆಗಿದ್ದರೆ ಆ ಸಾಲು ಇಷ್ಟು ಎತ್ತರ ಆಗಬೇಕಾದ ಕಾರಣವೇ ಇಲ್ಲ. ಅಣ್ಣ ಓದಿದಂತೆ ಬರೀ a ಆಗಿದ್ದರೂ ಅಷ್ಟೇ. ಪ್ರತಿ ಸಾಲಿನಲ್ಲೂ ಯಾವುದೋ ಒಂದು ಎರಡಂತಸ್ತಿನದು ಇರಲೇಬೇಕು. ಎರಡನೇ, ಮೂರನೇ ಕಾಲಮ್ ಚೆನ್ನಾಗಿ ಕಾಣುತ್ತಿವೆ, ಅಲ್ಲಿ ಅಂಥದ್ದು ಇಲ್ಲ. ಅಂದಮೇಲೆ ಅದು ಮೊದಲ ಕಾಲಮ್ಮಿನಲ್ಲೇ ಇರಬೇಕು. ಗೆರೆ ಅಳಿಸಿಹೋದರೂ ಗೆರೆಗಾಗಿ ಬಿಟ್ಟ ಜಾಗ ಅಳಿಸಿಹೋಗಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಓರೆಯಾಗಿ ತೆಗೆದ ಫೋಟೋದಲ್ಲಿ ದೂರದ ಸಾಲುಗಳು ಹತ್ತಿರ ಹತ್ತಿರ ಕಾಣುತ್ತವೆ. ಹಾಗಾಗಿ ಪುಟದ ತುದಿಯ ಪ್ರಶ್ನೆಯನ್ನು ಬುಡದ ಪ್ರಶ್ನೆಗೆ ಹೋಲಿಸಬಾರದು. ಪಕ್ಕದ್ದಕ್ಕೇ ಹೋಲಿಸಬೇಕು.

ಆಮೇಲೆ ನೋಡಿದ್ದು ನಡುಗೆರೆ. ಒಂದು ಕಾಗದದ ನೇರ ಅಂಚನ್ನು ಪರದೆ ಮೇಲೆ ಇಡಲು ಹೇಳಿದೆ, `a²` ದ a ಮತ್ತು `bc` ಯ c ಇವುಗಳ ಹೊಟ್ಟೆಯ ನಡುವೆ ಹಾಯುವಂತೆ. ಆ ಅಂಚು ಎಡಕ್ಕೆ ಎಲ್ಲಿಗೆ ಹೋಗುತ್ತದೆ? "1ಕ್ಕೂ a ಗೂ ಮಧ್ಯ ಹೋಗ್ತಿದೆ ಸರ್" ಅಂದಳು. ಎರಡನೇ ಸಾಲಿನಲ್ಲೂ 1 ಮತ್ತು b ನಡುವೆ. ಮೂರನೆಯದರಲ್ಲೂ ಹಾಗೇ. ಭಿನ್ನರಾಶಿಯ ಗೆರೆ ಬರುವ ಜಾಗ ಸರಿಯಾಗಿ ಅದೇ. 1 ಒಂದೇ ಆ ಜಾಗದ ಬೆಲೆ ಆಗಿದ್ದರೆ ಅಂಚು 1ರ ಮೈಮೇಲೆ ಹಾಯಬೇಕಿತ್ತು. a ಒಂದೇ ಆಗಿದ್ದರೆ a ಮೇಲೆ. ಎರಡೂ ಆಗಲಿಲ್ಲ.

ಪುಟ ಓರೆಯಾಗಿದ್ದರೆ ಈ ಅಂಚನ್ನೂ ಓರೆಯಾಗಿಯೇ ಇಡಬೇಕು. ಪರದೆಯ ಅಡ್ಡಕ್ಕೆ ನೇರ ಇಟ್ಟರೆ ಅದು ಬೇರೆ ಎಲ್ಲಿಗೋ ಹೋಗುತ್ತದೆ. ಹುಡುಗಿ ಮೊದಲು ತಪ್ಪು ಓದಿದ್ದಕ್ಕೆ ಇದೂ ಒಂದು ಕಾರಣ. ಬೈಂಡಿಂಗ್ ಕಡೆ ಪುಟ ಬಾಗಿ ಎಡ ಕಾಲಮ್ ಸ್ವಲ್ಪ ಕೆಳಕ್ಕೆ ಇಳಿದಂತೆ ಕಾಣುತ್ತಿತ್ತು. ಆಗ 1 ಕೆಳಗಿಳಿದು `a²` ದ ಸಾಲಿಗೇ ಕೂತಂತೆ ಅನ್ನಿಸುತ್ತದೆ. a ಎರಡು ಸಾಲುಗಳ ನಡುವೆ ಅನಾಥವಾಗುತ್ತದೆ.

ಅಣ್ಣ ಸುಮ್ಮನಿರಲಿಲ್ಲ. ಒಳ್ಳೆಯ ಮಾತೊಂದನ್ನು ಹೇಳಿದ. ಆಯ್ಕೆಗಳ ಘಾತ ಎಣಿಸಿದರೆ ಸುಳಿವು ಸಿಗುತ್ತಿತ್ತು ಅಂದ. ನಿಜ. ಡಿಟರ್ಮಿನೆಂಟಿನ ಪ್ರತಿ ಪದದಲ್ಲೂ ಒಂದೊಂದು ಕಾಲಮ್ಮಿನಿಂದ ಒಂದೊಂದು ಬರುತ್ತದೆ. `a²` ದಿಂದ 2, `bc` ಯಿಂದ 2. ಮೊದಲ ಕಾಲಮ್ 1 ಆದರೆ ಒಟ್ಟು ಘಾತ 4, a ಆದರೆ 5, ಒನ್ ಬೈ ಎ ಆದರೆ 3. ಆಯ್ಕೆಗಳಲ್ಲಿ `abc` ಮತ್ತು `(a−b)(b−c)(c−a)` ಎರಡರ ಘಾತವೂ 3. ಸೊನ್ನೆ ಯಾವುದಕ್ಕೂ ಹೊಂದುತ್ತದೆ. 4 ಇರುವುದು ಒಂದೇ, 5 ಇಲ್ಲವೇ ಇಲ್ಲ. ಪ್ರಶ್ನೆ ಮಾಡುವವರು ತಪ್ಪು ಆಯ್ಕೆಗಳನ್ನೂ ಸಾಮಾನ್ಯವಾಗಿ ಸರಿ ಉತ್ತರದ ಅಳತೆಗೇ ಹೊಲಿಯುತ್ತಾರೆ. ಇದು ಸುಳಿವು ಮಾತ್ರ, ಸಾಕ್ಷಿ ಅಲ್ಲ. ಸಾಲಿನ ಅಂತರವನ್ನು ನಾನು ಇದಕ್ಕಿಂತ ಜಾಸ್ತಿ ನಂಬುತ್ತೇನೆ.

ಆ ನಾಲ್ಕನೇ ಆಯ್ಕೆ ಇಲ್ಲದಿದ್ದರೆ ಹುಡುಗಿಯೂ ಅಣ್ಣನ ಹಾಗೆ ಅಲ್ಲೇ ನಿಂತು ಮತ್ತೆ ನೋಡುತ್ತಿದ್ದಳು. ಅವನಿಗೆ ಉತ್ತರ ಸಿಗದಿದ್ದದ್ದು ಒಂದು ರೀತಿ ಒಳ್ಳೆಯದೇ ಆಯಿತು. ಅವಳಿಗೆ ಸಿಕ್ಕಿದ್ದರಿಂದ ಅನುಮಾನವೇ ಬರಲಿಲ್ಲ.

ಮರುದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಜಗಲಿ ಮೇಲೆ ಹಗಲು ಬೆಳಕಿನಲ್ಲಿ ಮತ್ತೆ ಫೋಟೋ ತೆಗೆಯಲು ಹೇಳಿದೆ. ಅಣ್ಣ ಬೈಂಡಿಂಗ್ ಒತ್ತಿ ಪುಟ ಚಪ್ಪಟೆ ಮಾಡಿ ಹಿಡಿದ. ಅವಳು ಮೊಬೈಲನ್ನು ಪುಟಕ್ಕೆ ಸರಿಯಾಗಿ ಮೇಲಿನಿಂದ ಹಿಡಿದಳು. ಪುಟ ಪೂರ್ತಿ ಬೇಡ, ಈ ಒಂದೇ ಪ್ರಶ್ನೆ ತುಂಬುವಷ್ಟು ಹತ್ತಿರ ಹೋಗು, ಆದರೆ ಎರಡೂ ಕಡೆಯ ಕಂಬಿ ಒಳಗೆ ಬರಲಿ ಅಂದಿದ್ದೆ. ಕೈ ನಡುಗದಂತೆ ಮೊಣಕೈಯನ್ನು ಊರಿಕೋ ಅಂತಲೂ ಹೇಳಿದ್ದೆ. ಮೊಬೈಲ್ ಮೇಲೆ ಕೆಳಗೆ ಸ್ವಲ್ಪ ಅಲುಗಿದರೂ ಮೊದಲು ಹಾಳಾಗುವುದು ತೆಳ್ಳಗಿನ ಅಡ್ಡಗೆರೆಗಳು. ಅಂದರೆ ಭಿನ್ನರಾಶಿಯ ಗೆರೆ ಮತ್ತು ಮೈನಸ್. ಅಕ್ಷರಗಳು ಮಸುಕಾದರೂ ಗುರುತು ಸಿಗುತ್ತವೆ, ಈ ಗೆರೆಗಳು ಕರಗಿಯೇ ಹೋಗುತ್ತವೆ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಅದಕ್ಕೆ ಡಾಕ್ಯುಮೆಂಟ್ ಆಗಿ ಕಳಿಸಿದಳು. ಮನೆಯಲ್ಲಿ ಸಿಗ್ನಲ್ ಸಾಲದೆ ತೋಟದ ಮೇಲಿನ ದಿಬ್ಬಕ್ಕೆ ಹೋಗಿ ಕಳಿಸಬೇಕಾಯಿತು.

ಹೊಸ ಫೋಟೋದಲ್ಲಿ ಎಡ ಕಂಬಿ ಪೂರ್ತಿ ಕಂಡಿತು. a, b, c ಮೂರೂ ಅದರ ಒಳಗಿದ್ದವು. 1ಕ್ಕೂ a ಗೂ ನಡುವೆ ಕೂದಲಿನಷ್ಟು ತೆಳುವಾದ ಬೂದು ಗೆರೆ ಇತ್ತು. ಮೂರನೇ ಸಾಲಿನಲ್ಲಿ ಮಾತ್ರ ಆಗಲೂ ಕಾಣಲಿಲ್ಲ. ಅಲ್ಲಿ ಜೆರಾಕ್ಸಿನಲ್ಲೇ ಹೋಗಿತ್ತು.

ಆಮೇಲಿಂದ ಅವಳು ಫೋಟೋ ಜೊತೆ ತಾನು ಓದಿದ್ದನ್ನೂ ಟೈಪ್ ಮಾಡಿ ಕಳಿಸುತ್ತಾಳೆ. ನಾನು ಹೇಳಿಕೊಟ್ಟ ರೀತಿ ಇಷ್ಟು:

```
det 3x3
R1: 1/a , a^2 , bc
R2: 1/b , b^2 , ca
R3: 1/c , c^2 , ab
```

ಮೊದಲ ಸಾಲಿನಲ್ಲಿ `det` ಅಥವಾ `matrix` ಅಂತ ಬರೆಯಲೇಬೇಕು ಅಂತ ಹಟ ಹಿಡಿದಿದ್ದೇನೆ. ಚೌಕ ಬ್ರಾಕೆಟಿನ ಮೇಲೆ ಕೆಳಗೆ ಇರುವ ಚಿಕ್ಕ ಕೊಕ್ಕೆಗಳು ಅಳಿಸಿದರೆ ಅದು ಡಿಟರ್ಮಿನೆಂಟಿನ ಕಂಬಿಯಾಗಿಬಿಡುತ್ತದೆ. ಹೊರಗೆ ಒಂದು 2 ಇದ್ದರೆ ಎಲ್ಲ ಬದಲಾಗುತ್ತದೆ. ಮ್ಯಾಟ್ರಿಕ್ಸ್ ಆದರೆ 2 ಎಲ್ಲ ಅಂಶಗಳಿಗೂ ಹೋಗುತ್ತದೆ. ಡಿಟರ್ಮಿನೆಂಟ್ ಆದರೆ ಒಂದೇ ಒಂದು ಸಾಲಿಗೆ ಅಥವಾ ಒಂದೇ ಕಾಲಮ್ಮಿಗೆ. ಕಾಮಾ ಹಾಕಿ ಬರೆದಾಗ ಪ್ರತಿ ಸಾಲಿನಲ್ಲೂ ಮೂರು ಬಂದವೇ ಅಂತ ಎಣಿಸಲೂ ಆಗುತ್ತದೆ. ಆ ರಾತ್ರಿ ಹೀಗೆ ಬರೆಯಲು ಕೂತಿದ್ದರೆ ಕೆಳಗೆ ಉಳಿದ a, b, c ಯನ್ನು ಎಲ್ಲಿ ಹಾಕುವುದು ಅಂತ ಅವಳಿಗೇ ಪ್ರಶ್ನೆ ಏಳುತ್ತಿತ್ತೇನೋ.

ಅದೇ ನೋಟ್ಸಿನ ಮುಂದಿನ ಪುಟದಲ್ಲಿ ಈ ಉಪಾಯಗಳು ಪೂರ್ತಿ ನಡೆಯದ ಒಂದು ಪ್ರಶ್ನೆ ಸಿಕ್ಕಿತು.

```
| 2   1   4 |
| 0   3   5 |
| 1   2   6 |
```

ಇದರ ಬೆಲೆ 9. ಕೀಯಲ್ಲಿ −39 ಅಂತಿತ್ತು, ಆಯ್ಕೆಗಳಲ್ಲಿ ಎರಡೂ ಇದ್ದವು. ನಡುವಿನ 3 ನಿಜಕ್ಕೂ −3 ಆಗಿದ್ದರೆ −39 ಬರುತ್ತದೆ. ಆದರೆ ಮೈನಸ್ ಹೋದರೆ ಸಾಲಿನ ಎತ್ತರದಲ್ಲಿ ಏನೂ ಉಳಿಯುವುದಿಲ್ಲ. ಉಳಿದರೆ ಅಡ್ಡಕ್ಕೆ ಉಳಿಯುತ್ತದೆ. ಕಾಲಮ್ಮಿನಲ್ಲಿ ಎಲ್ಲವನ್ನೂ ನಡುವಿಗೆ ಹೊಂದಿಸಿ ಟೈಪ್ ಮಾಡಿದ್ದರೆ, ಮೈನಸ್ ಇರುವ ಅಂಕಿ ಸ್ವಲ್ಪ ಬಲಕ್ಕೆ ಸರಿದಿರುತ್ತದೆ. ಹುಡುಗಿ ಕಾಗದದ ಅಂಚನ್ನು ಈ ಸಲ ನೆಟ್ಟಗೆ ನಿಲ್ಲಿಸಿ 1, 3, 2 ನೋಡಿದಳು. "3 ಒಂಚೂರು ಬಲಕ್ಕಿದೆ ಅನ್ಸುತ್ತೆ ಸರ್, ಆದ್ರೆ ಖಾತ್ರಿ ಇಲ್ಲ" ಅಂದಳು. ನನಗೂ ಖಾತ್ರಿಯಾಗಲಿಲ್ಲ. ಜೆರಾಕ್ಸ್ ಆ ಪುಟದಲ್ಲಿ ಸ್ವಲ್ಪ ವಾಲಿತ್ತು. ಅಷ್ಟು ಚಿಕ್ಕ ಸರಿತವನ್ನು ನಂಬಿ ಹೇಳುವುದು ತಪ್ಪಾಗುತ್ತದೆ ಅಂದೆ.

ಶನಿವಾರ ಅವಳು ಬರುವಾಗ ರಿಪ್ಪನ್‌ಪೇಟೆಯಲ್ಲಿ ಬಸ್ ಇಳಿದು, ಗೆಳತಿಯ ಮನೆಗೆ ಹೋಗಿ, ಜೆರಾಕ್ಸ್ ಮಾಡಿಸುವ ಮೊದಲಿನ ಮೂಲ ಪುಟ ತಂದಳು. ಅದರಲ್ಲಿ −3 ಇತ್ತು.